ಗುಡ್ಡ ಕುಸಿದಾಗ ದೇವರ ಕರುಣೆ: ಕೇಡಿನ ಸಮಸ್ಯೆಯ ಕುರಿತು ಒಂದು ವಿಚಾರ

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಮಡಿಕೇರಿಯ ಸುತ್ತಲಿನ ಮಕ್ಕಂದೂರು, ಜೋಡುಪಾಲದಂಥ ಊರುಗಳಲ್ಲಿ ಗುಡ್ಡಗಳು ಕುಸಿದು ಮನೆ, ಗದ್ದೆ, ಕಾಫಿ ತೋಟಗಳ ಜೊತೆಗೆ ಜೀವಗಳೂ ಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿಯೇ ಬೆಟ್ಟ ಜರಿದು, ಅಲ್ಲಿ ಪೂಜೆ ಮಾಡಿಕೊಂಡಿದ್ದವರ ಮನೆ ಮಣ್ಣಿನಡಿಗೆ ಸೇರಿತು. ಮಳೆ ಬೆಳೆಗಾಗಿ ಕಕ್ಕಬೆಯ ಇಗ್ಗುತ್ತಪ್ಪನಿಗೆ ಕೈಮುಗಿಯುವ, ಕಾವೇರಿಯನ್ನು ತಾಯಿಯೆಂದು ಕರೆಯುವ ನಾಡಿನಲ್ಲಿ ಮಳೆಯೇ ಸಾವನ್ನು ತಂದಾಗ, ಧರ್ಮದ ತತ್ತ್ವಶಾಸ್ತ್ರವು ಬಹುಕಾಲದಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆ ಪುಸ್ತಕದಿಂದ ಇಳಿದು ಮನೆಯ ಜಗಲಿಗೆ ಬಂದು ಕೂರುತ್ತದೆ. ಸರ್ವಶಕ್ತನೂ ಸರ್ವಜ್ಞನೂ ಪರಮದಯಾಳುವೂ ಆದ ದೇವರು ಇದ್ದರೆ ಇಂಥ ಕೇಡು ಏಕೆ ಇದೆ?

ಈ ಪ್ರಬಂಧದಲ್ಲಿ ನಾನು ಸಾಧಿಸಲು ಹೊರಟಿರುವುದು ಇಷ್ಟು. ಕೇಡು ಇದೆ ಎಂಬ ಒಂದೇ ಕಾರಣದಿಂದ ದೇವರಿಲ್ಲ ಎಂದು ತರ್ಕಬದ್ಧವಾಗಿ ತೀರ್ಮಾನಿಸಲು ಬರುವುದಿಲ್ಲ. ಆದರೆ ಕೇಡಿಗೆ ಕಾರಣ ಹೇಳಲು ಹೊರಡುವ ಮೂರು ಪ್ರಸಿದ್ಧ ಸಮಾಧಾನಗಳು, ಅಂದರೆ ಇಚ್ಛಾಸ್ವಾತಂತ್ರ್ಯ, ಆತ್ಮದ ಪಕ್ವತೆ ಮತ್ತು ಕರ್ಮ, ಪ್ರಕೃತಿಯಿಂದ ಬರುವ ಕೇಡಿನ ಮುಂದೆ ನಿಲ್ಲುವುದಿಲ್ಲ. ಹಾಗಾಗಿ ನಂಬುವವನು ನಂಬಬೇಕಾದರೆ, ಇಂಥವರ ನೋವಿಗೆ ಇಂಥದೇ ಕಾರಣ ಎಂದು ಬಲ್ಲೆನೆಂಬ ಹಕ್ಕನ್ನು ಬಿಟ್ಟುಕೊಟ್ಟೇ ನಂಬಬೇಕು.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಇಡುತ್ತೇನೆ. ಪ್ರಾಚೀನ ಗ್ರೀಕ್ ತತ್ತ್ವಜ್ಞ ಎಪಿಕ್ಯೂರಸನದೆಂದು ಹೇಳಲಾಗುವ, 1779ರಲ್ಲಿ ಪ್ರಕಟವಾದ ಡೇವಿಡ್ ಹ್ಯೂಮನ ಸಂವಾದಗಳಲ್ಲಿ ಮತ್ತೆ ಕಾಣಿಸಿಕೊಂಡ ಪ್ರಶ್ನೆ ಇದು: ದೇವರು ಕೇಡನ್ನು ತಡೆಯಲು ಬಯಸಿಯೂ ತಡೆಯಲಾರನಾದರೆ ಅವನು ಶಕ್ತನಲ್ಲ, ತಡೆಯಬಲ್ಲವನಾಗಿಯೂ ಬಯಸದಿದ್ದರೆ ದಯಾಳುವಲ್ಲ, ಬಯಸುವವನೂ ಬಲ್ಲವನೂ ಆಗಿದ್ದರೆ ಕೇಡು ಎಲ್ಲಿಂದ ಬಂತು? 1955ರಲ್ಲಿ ನಾಸ್ತಿಕ ತತ್ತ್ವಜ್ಞ ಜೆ. ಎಲ್. ಮ್ಯಾಕಿ ಇದನ್ನು ಬಿಗಿಗೊಳಿಸಿದರು. ಒಳ್ಳೆಯವನು ತನ್ನಿಂದಾದಷ್ಟು ಕೇಡನ್ನು ತೊಡೆದುಹಾಕುತ್ತಾನೆ, ಸರ್ವಶಕ್ತನಿಗೆ ಆಗದ್ದೆಂಬುದಿಲ್ಲ ಎಂಬ ಎರಡು ಮಾತುಗಳನ್ನು ಒಪ್ಪಿದರೆ ದೇವರೂ ಕೇಡೂ ಒಟ್ಟಿಗೆ ಇರುವುದು ಅಸಂಗತವೆಂಬುದು ಅವರ ವಾದ.

ಇದಕ್ಕೆ 1974ರಲ್ಲಿ ಆಸ್ತಿಕ ತತ್ತ್ವಜ್ಞ ಆಲ್ವಿನ್ ಪ್ಲಾಂಟಿಂಗಾ ಕೊಟ್ಟ ಉತ್ತರ ನನಗೆ ಸಮರ್ಪಕವೆನಿಸುತ್ತದೆ. ನಿಜವಾಗಿ ಸ್ವತಂತ್ರನಾದ ಮನುಷ್ಯ ಯಾವಾಗಲೂ ಒಳ್ಳೆಯದನ್ನೇ ಆರಿಸುವಂತೆ ಮಾಡುವುದು ಸರ್ವಶಕ್ತನ ಕೈಯಲ್ಲೂ ಇಲ್ಲದಿರಬಹುದು, ಏಕೆಂದರೆ ಬಲವಂತದಿಂದ ಆರಿಸಿದ್ದು ಆಯ್ಕೆಯೇ ಅಲ್ಲ. ಹೀಗಿರುವ ಸಾಧ್ಯತೆಯೊಂದಿದ್ದರೆ ಸಾಕು, ಅಸಂಗತತೆಯ ಆರೋಪ ಬೀಳುತ್ತದೆ. ಅದು ಹಾಗೆಯೇ ಇದೆ ಎಂದು ಸಾಧಿಸಬೇಕಾಗಿಲ್ಲ. ಪ್ಲಾಂಟಿಂಗಾ ತಮ್ಮ ಗುರಿಯನ್ನು ಇಷ್ಟಕ್ಕೇ ಸೀಮಿತಗೊಳಿಸಿದ್ದನ್ನು ಅವರ ಹಿಂಬಾಲಕರು ಅನೇಕ ಸಲ ಮರೆಯುತ್ತಾರೆ. ಕೇಡು ಏಕಿದೆ ಎಂಬುದಕ್ಕೆ ಇದು ವಿವರಣೆಯಲ್ಲ, ಒಂದು ಆರೋಪದಿಂದ ಬಿಡುಗಡೆ ಮಾತ್ರ.

ಇದನ್ನೇ ವಿವರಣೆಯಾಗಿ ಹಿಗ್ಗಿಸಿದ ಕೂಡಲೇ ಆಕ್ಷೇಪ ಎದುರಾಗುತ್ತದೆ. ಕೊಲೆ, ಮೋಸ, ಯುದ್ಧಗಳಿಗೆ ಮನುಷ್ಯನ ಸ್ವಾತಂತ್ರ್ಯ ಕಾರಣವಿರಬಹುದು; ಗುಡ್ಡ ಯಾರ ಆಯ್ಕೆಯಿಂದ ಕುಸಿಯಿತು? ಕೊಡಗಿನವರು ಇಲ್ಲಿ ತಟ್ಟನೆ ಹೇಳುವ ಮಾತೊಂದಿದೆ, ಅದು ಹಗುರವಾದದ್ದಲ್ಲ. ರಸ್ತೆಗೆಂದು, ಮನೆಗೆಂದು, ರೆಸಾರ್ಟಿಗೆಂದು ಗುಡ್ಡದ ಬದಿಯ ಮಣ್ಣಿನ ಬರೆಯನ್ನು ನೇರವಾಗಿ ಕಡಿದರು, ಮರ ಉರುಳಿಸಿದರು, ನೀರು ಹರಿಯುತ್ತಿದ್ದ ದಾರಿಯನ್ನು ಮುಚ್ಚಿದರು. ಬುಡ ಕಳೆದುಕೊಂಡ ಇಳಿಜಾರಿನಲ್ಲಿ ನೀರು ಇಂಗಿ, ಮಣ್ಣು ಭಾರವಾಗಿ ಜಾರಿತು. ಅಂದಮೇಲೆ ಪ್ರಕೃತಿಯ ಕೇಡೆಂದು ನಾವು ಕರೆಯುವುದರಲ್ಲಿ ಮನುಷ್ಯನ ಪಾಲೂ ಇದೆ. ಈ ಸಮಾಧಾನವನ್ನು ನಾನು ಅರ್ಧ ಒಪ್ಪುತ್ತೇನೆ. ಆದರೆ ಬರೆ ಕಡಿದವನೇ ಬೇರೆ, ಕೆಳಗೆ ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಮಲಗಿದ್ದವನೇ ಬೇರೆ. ಜೊತೆಗೆ ಮನುಷ್ಯ ಮುಟ್ಟದ ಕಾಡಿನ ಇಳಿಜಾರುಗಳೂ ಜಾರುವುದುಂಟು.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಊರವರೆಲ್ಲ ರಾತ್ರೋರಾತ್ರಿ ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಹೋಗಿದ್ದಾರೆ. ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿದ ಕರುವೊಂದು ಉಳಿದಿದೆ. ಕೆಸರು ನುಗ್ಗಿ ಅದರ ಹಿಂಗಾಲುಗಳು ಹೂತುಹೋಗಿವೆ, ಕೊರಳ ಹಗ್ಗ ಬಿಗಿದಿದೆ, ಅದು ಎರಡು ಹಗಲು ಎರಡು ರಾತ್ರಿ ಅರಚಿ ಸಾಯುತ್ತದೆ. ಅದನ್ನು ಯಾರೂ ಕಾಣಲಿಲ್ಲ, ಯಾರೂ ಅದರಿಂದ ಏನನ್ನೂ ಕಲಿಯಲಿಲ್ಲ. ವಿಲಿಯಂ ರೋ 1979ರಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ದಿನಗಟ್ಟಲೆ ನರಳುವ ಜಿಂಕೆಮರಿಯ ಉದಾಹರಣೆಯಿಂದ ಎತ್ತಿದ ವಾದದ ತಿರುಳು ಇದೇ: ಯಾವ ಹೆಚ್ಚಿನ ಒಳಿತಿಗೂ ಬೇಕಾಗಿರದಂತೆ ಕಾಣುವ ನೋವು ಲೋಕದಲ್ಲಿದೆ, ಆದ್ದರಿಂದ ದೇವರಿಲ್ಲವೆಂದು ನಂಬಲು ಸಕಾರಣವಿದೆ. ಇಲ್ಲಿ ಅಸಂಗತತೆಯ ಮಾತಿಲ್ಲ. ಇರುವುದು ಸಾಕ್ಷ್ಯದ ಮಾತು, ಮತ್ತು ಅದಕ್ಕೆ ಬರೀ ಸಾಧ್ಯತೆಯೊಂದನ್ನು ತೋರಿಸಿದರೆ ಸಾಲದು.

1966ರಲ್ಲಿ ಜಾನ್ ಹಿಕ್ ಮಂಡಿಸಿದ ಸಮಾಧಾನವು ಲೋಕವನ್ನು ಆತ್ಮವು ಪಕ್ವವಾಗುವ ತಾಣವೆಂದು ನೋಡುತ್ತದೆ. ಅಪಾಯವೇ ಇಲ್ಲದಲ್ಲಿ ಧೈರ್ಯವಿಲ್ಲ, ನೋವೇ ಇಲ್ಲದಲ್ಲಿ ಕನಿಕರವಿಲ್ಲ. 2018ರಲ್ಲಿ ಜಾತಿ ಮತ ಕೇಳದೆ ಅಕ್ಕಿ, ಕಂಬಳಿ ಹೊತ್ತು ತಂದವರನ್ನು ಕಂಡ ಯಾರೂ ಈ ಮಾತನ್ನು ತಳ್ಳಿಹಾಕಲಾರರು. ಆದರೂ ಇದು ಲೆಕ್ಕ ಹೊಂದಿಸುವುದಿಲ್ಲ. ಪಕ್ವವಾದವರು ಉಳಿದವರು, ಅದಕ್ಕೆ ಬೆಲೆ ತೆತ್ತವರು ಸತ್ತವರು. ಒಂದು ಮಗುವಿನ ಸಾವು ನೆರೆಯವನ ಕನಿಕರಕ್ಕೆ ಸಾಧನವಾಗಲೆಂದು ಅದನ್ನು ಬಿಟ್ಟುಕೊಡುವ ತಂದೆಯನ್ನು ನಾವು ದಯಾಳು ಎನ್ನುವುದಿಲ್ಲ. ಸತ್ತ ಮೇಲೂ ಆತ್ಮದ ಬೆಳವಣಿಗೆ ಮುಂದುವರಿಯುತ್ತದೆ ಎಂದು ಹಿಕ್ ಹೇಳುತ್ತಾರೆ. ಆದರೆ ಅಲ್ಲಿ ಬೆಳೆಯಬಹುದೆಂಬುದು ಇಲ್ಲಿ ಹೀಗೆ ಸಾಯಬೇಕಿತ್ತು ಎಂಬುದಕ್ಕೆ ಕಾರಣವಾಗುವುದಿಲ್ಲ. ಕರುವಿನ ವಿಷಯದಲ್ಲಂತೂ ಈ ಸಮಾಧಾನಕ್ಕೆ ಹೇಳಲು ಏನೂ ಇಲ್ಲ.

ನಮ್ಮ ಜನ ಹೆಚ್ಚಾಗಿ ಕೊಡುವ ಉತ್ತರ ಇವೆರಡೂ ಅಲ್ಲ, ಕರ್ಮ. ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಪಶ್ಚಿಮದ ಚರ್ಚೆ ಇದನ್ನು ಬಹಳ ಕಾಲ ಗಂಭೀರವಾಗಿ ತೆಗೆದುಕೊಳ್ಳಲೇ ಇಲ್ಲ, ನಾವಾದರೋ ಇದನ್ನು ಪರೀಕ್ಷಿಸದೆಯೇ ಆಡುತ್ತೇವೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಆಕ್ಷೇಪ ನೇರವಾಗಿಯೇ ಬರುತ್ತದೆ: ಕೆಲವರನ್ನು ಸುಖದಲ್ಲಿಯೂ ಕೆಲವರನ್ನು ದುಃಖದಲ್ಲಿಯೂ ಇಟ್ಟ ಈಶ್ವರನಿಗೆ ಪಕ್ಷಪಾತ ಮತ್ತು ನಿರ್ದಯತೆಯ ದೋಷ ಅಂಟುವುದಿಲ್ಲವೇ? ಅಂಟುವುದಿಲ್ಲ, ಏಕೆಂದರೆ ಅವನು ಜೀವಿಗಳ ಧರ್ಮಾಧರ್ಮಗಳನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನೆ ಎಂಬುದು ಸೂತ್ರದ ಉತ್ತರ. ಶಂಕರರು ತಮ್ಮ ಭಾಷ್ಯದಲ್ಲಿ ಈಶ್ವರನನ್ನು ಮಳೆಗೆ ಹೋಲಿಸುತ್ತಾರೆ. ಭತ್ತಕ್ಕೂ ಜವೆಗೂ ಮಳೆ ಸಮಾನ ಕಾರಣ, ಅವುಗಳ ನಡುವಿನ ವ್ಯತ್ಯಾಸಕ್ಕೆ ಬೀಜವೇ ಕಾರಣ. ಹಾಗಾದರೆ ಮೊದಲ ಸೃಷ್ಟಿಯಲ್ಲಿ ಕರ್ಮವೆಲ್ಲಿತ್ತು ಎಂದರೆ, ಸಂಸಾರ ಅನಾದಿ ಎಂದು ಮುಂದಿನ ಸೂತ್ರ ಉತ್ತರಿಸುತ್ತದೆ.

ಈ ಸಮಾಧಾನದ ಬಲ ದೊಡ್ಡದು. ಇದು ಪ್ರಾಣಿಗಳನ್ನೂ ಒಳಗೊಳ್ಳುತ್ತದೆ, ನಮ್ಮ ಕರುವಿನ ನೋವಿಗೂ ಇದರಲ್ಲಿ ಜಾಗವಿದೆ. ಒಬ್ಬರ ನೋವನ್ನು ಇನ್ನೊಬ್ಬರ ಒಳಿತಿಗೆ ಸಾಧನವಾಗಿಸುವ ದೋಷವೂ ಇದಕ್ಕಿಲ್ಲ. ಆದರೆ ನನ್ನ ಆಕ್ಷೇಪಗಳು ಮೂರು. ಯಾವ ತಪ್ಪಿಗೆ ಎಂಬ ನೆನಪೇ ಇಲ್ಲದವನಿಗೆ ಬರುವ ಫಲ ಅವನನ್ನು ತಿದ್ದುವ ಶಿಕ್ಷೆಯಾಗಲಾರದು. ಎರಡನೆಯದಾಗಿ, ಆಗಸ್ಟ್ ರಾತ್ರಿಯೊಂದರಲ್ಲಿ ಒಂದೇ ಇಳಿಜಾರಿನ ಮೇಲೆ ಮುದುಕರು, ಹಸುಗೂಸುಗಳು, ಹಿಂದಿನ ವಾರವಷ್ಟೇ ಕೆಲಸಕ್ಕೆಂದು ಹೊರಗಿನಿಂದ ಬಂದ ಕೂಲಿಯವರು ಎಲ್ಲರೂ ಸತ್ತರೆಂದುಕೊಂಡರೆ, ಅವರೆಲ್ಲರ ಕರ್ಮ ಅದೇ ಗಳಿಗೆಗೆ ಅದೇ ಜಾಗದಲ್ಲಿ ಹಣ್ಣಾಯಿತೆಂದು ಹೇಳಬೇಕಾಗುತ್ತದೆ. ಏನೇ ಆದರೂ ಹೀಗೆಯೇ ಹೇಳಬಹುದಾದ್ದರಿಂದ ಅದು ಏನನ್ನೂ ವಿವರಿಸಿದಂತಾಗುವುದಿಲ್ಲ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಅಪಾಯದ ಇಳಿಜಾರಿನಲ್ಲಿ ಸಾಮಾನ್ಯವಾಗಿ ಮನೆ ಕಟ್ಟಿಕೊಳ್ಳುವವರು ಬೇರೆಡೆ ಜಾಗವಿಲ್ಲದವರು. ಅವರ ಸಾವನ್ನು ಅವರದೇ ಹಿಂದಿನ ಪಾಪದ ಖಾತೆಗೆ ಬರೆದಾಗ, ಜಾಗ ಕೊಡದವರ ಮತ್ತು ಬರೆ ಕಡಿದವರ ಖಾತೆ ಖಾಲಿಯಾಗಿಬಿಡುತ್ತದೆ.

ಕರ್ಮವಾದಿಗೂ ಪ್ರತ್ಯುತ್ತರವಿದೆ. ಕರ್ಮವು ನಡೆದುದಕ್ಕೆ ಕಾರಣ ಹೇಳುತ್ತದೆಯೇ ಹೊರತು ನಡೆಸಿದವನನ್ನು ದೋಷಮುಕ್ತಗೊಳಿಸುವುದಿಲ್ಲ. ನೊಂದವನಿಗೆ ನೆರವಾಗುವುದು ಧರ್ಮವೇ, ಕೇಡು ಮಾಡಿದವನಿಗೆ ಅವನದೇ ಕರ್ಮ ಕೂಡುತ್ತದೆ. ಇದನ್ನು ಒಪ್ಪುತ್ತೇನೆ, ಆ ಮಟ್ಟಿಗೆ ನನ್ನ ಮೂರನೆಯ ಆಕ್ಷೇಪ ಸಿದ್ಧಾಂತಕ್ಕಿಂತ ಅದರ ಬಳಕೆಗೆ ಹೆಚ್ಚು ತಾಗುತ್ತದೆ. ಆದರೂ ಉಳಿದೆರಡು ಹಾಗೆಯೇ ಉಳಿಯುತ್ತವೆ. ಶಂಕರರ ಹೋಲಿಕೆಯನ್ನು ಈ ನಾಡಿನ ನೆಲದ ಮೇಲಿಟ್ಟು ನೋಡಿದರೆ ಇನ್ನೊಂದು ತೊಡಕೂ ಕಾಣುತ್ತದೆ. ಗದ್ದೆಗೆ ಮಳೆ ಸಮಾನ ಕಾರಣವಾಗಿ ಬರುತ್ತದೆ ನಿಜ. ಆದರೆ ಮಳೆಯೇ ಮಿತಿಮೀರಿ ಬಿದ್ದು ಗದ್ದೆಯನ್ನೇ ಕೊಚ್ಚಿದಾಗ ಯಾವ ಬೀಜ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ.

ಹಾಗಿದ್ದರೆ ಆಸ್ತಿಕನಿಗೆ ಉಳಿದ ದಾರಿಯೇನು? 1984ರಲ್ಲಿ ಸ್ಟೀಫನ್ ವಿಕ್‌ಸ್ಟ್ರಾ ರೋ ಅವರಿಗೆ ಕೊಟ್ಟ ಉತ್ತರದಲ್ಲಿ ಅದು ಇದೆ. ಕಾರಣ ಕಾಣುತ್ತಿಲ್ಲ ಎಂಬುದರಿಂದ ಕಾರಣ ಇಲ್ಲ ಎಂದು ತಿಳಿಯಬೇಕಾದರೆ, ಇದ್ದಿದ್ದರೆ ಅದು ನಮಗೆ ಕಾಣುತ್ತಿತ್ತು ಎಂಬ ಭರವಸೆ ನಮಗಿರಬೇಕು. ಸರ್ವಜ್ಞನ ಕಾರಣಗಳು ನಮ್ಮ ದೃಷ್ಟಿಗೆ ಎಟುಕುತ್ತವೆಂದು ನಿರೀಕ್ಷಿಸಲು ಆಧಾರವಿಲ್ಲ. ಇದರ ಬಗ್ಗೆ ಬರುವ ಬಿರುಸಾದ ಆಕ್ಷೇಪವೆಂದರೆ, ಎಲ್ಲ ನೋವಿಗೂ ನಮಗೆ ತಿಳಿಯದ ಒಳ್ಳೆಯ ಕಾರಣವಿರಬಹುದಾದರೆ ಮಣ್ಣಿನಡಿಯಿಂದ ಕೂಗುವವನನ್ನು ನಾವೇಕೆ ಎಳೆದು ತೆಗೆಯಬೇಕು? ತೆಗೆದರೆ ಆ ಒಳಿತು ಕೆಡಬಹುದಲ್ಲವೇ? ನನ್ನ ಸಮಾಧಾನ ಹೀಗಿದೆ. ಮನುಷ್ಯನ ಕರ್ತವ್ಯ ಅವನಿಗೆ ತಿಳಿದಿರುವ ಕಾರಣಗಳಿಂದ ಹುಟ್ಟುತ್ತದೆ, ತಿಳಿಯದ ಕಾರಣಗಳಿಂದಲ್ಲ. ಕೂಗು ಕೇಳಿಸಿದೆ, ಹಾರೆ ಕೈಯಲ್ಲಿದೆ; ಕರ್ತವ್ಯಕ್ಕೆ ಇಷ್ಟು ಸಾಕು. ತಿಳಿಯದ ಕಾರಣಗಳು ತಿಳಿಯದಿರುವುದರಿಂದಲೇ ಎತ್ತಲೂ ವಾಲುವುದಿಲ್ಲ, ಕಾಪಾಡುವುದರಿಂದ ಕೆಡುಕಾಗಬಹುದಾದಷ್ಟೇ ಒಳಿತೂ ಆಗಬಹುದು.

ಎರಡನೆಯ ಆಕ್ಷೇಪ ಇದಕ್ಕಿಂತ ಕಠಿಣವಾದದ್ದು, ಅದಕ್ಕೆ ಬೆಲೆ ತೆರಲೇಬೇಕು. ಕೇಡಿನ ಕಾರಣ ನಮಗೆ ತಿಳಿಯದೆಂದ ಮೇಲೆ ಒಳಿತಿನ ಕಾರಣವೂ ತಿಳಿಯದು. ಹುತ್ತರಿಯ ದಿನ ಕದಿರು ತೆಗೆದು ಮನೆಗೆ ತರುವಾಗ, ಬೆಳೆ ಬಂದಿರುವುದೇ ದೇವರ ದಯೆಗೆ ಪುರಾವೆ ಎಂದು ವಾದಿಸುವ ಹಕ್ಕು ಆಗ ಇರುವುದಿಲ್ಲ. ಹೌದು, ಇರುವುದಿಲ್ಲ. ಕೃತಜ್ಞತೆ ಉಳಿಯುತ್ತದೆ, ಅದು ವಾದವಾಗಿ ಉಳಿಯುವುದಿಲ್ಲ. ಹಾಗೆಯೇ ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತು, ಇದರಲ್ಲಿ ದೇವರ ಉದ್ದೇಶ ಇಂಥದ್ದು ಎಂದು ಹೇಳುವ ಅಧಿಕಾರವೂ ಯಾರಿಗೂ ಉಳಿಯುವುದಿಲ್ಲ. ಈ ಬೆಲೆಯನ್ನು ತೆರಲು ಆಸ್ತಿಕ ಹಿಂಜರಿಯಬಾರದೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಏನನ್ನೂ ವಿವರಿಸದ ದೇವರನ್ನು ನಂಬಿ ಪ್ರಯೋಜನವೇನು ಎಂಬುದು ಕೊನೆಯ ಆಕ್ಷೇಪ. ದೇವರನ್ನು ವಿವರಣೆಗಾಗಿಯೇ ನಂಬುವವರಿಗೆ ಇದು ತಾಗುತ್ತದೆ, ಆದರೆ ನಂಬಿಕೆಯ ರೂಪ ಅದೊಂದೇ ಅಲ್ಲ. ಮಹಾಭಾರತದ ವನಪರ್ವದಲ್ಲಿ ದ್ರೌಪದಿ, ಮಗು ಆಟಿಕೆಗಳೊಡನೆ ಆಡುವಂತೆ ಸೃಷ್ಟಿಕರ್ತನಾದ ಧಾತೃವು ಜೀವಿಗಳೊಡನೆ ಆಡುತ್ತಾನೆಂದು ದೂರುತ್ತಾಳೆ. ಯುಧಿಷ್ಠಿರ ಅದನ್ನು ನಾಸ್ತಿಕರ ಮಾತೆಂದು ಆಕ್ಷೇಪಿಸುತ್ತಾನೆ. ನಾನು ದ್ರೌಪದಿಯ ಕಡೆಗೆ ವಾಲುತ್ತೇನೆ. ಅವಳ ದೂರು ವಿವರಣೆಯನ್ನು ಒಪ್ಪಿಕೊಳ್ಳುವುದಿಲ್ಲ, ಧಾತೃವನ್ನು ಲೆಕ್ಕದಿಂದ ಹೊರಗೂ ಇಡುವುದಿಲ್ಲ, ನ್ಯಾಯವನ್ನು ಕೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ದೇವರಿದ್ದಾನೆಂದು ಇಲ್ಲಿ ಸಾಧಿತವಾಗಿಲ್ಲ. ದೇವರನ್ನು ನಂಬಲು ಬೇರೆ ಯಾವ ಆಧಾರವೂ ಇಲ್ಲದವನಿಗೆ ಆ ಕರುವಿನ ಸಾವು ಅಪನಂಬಿಕೆಯ ಕಡೆಗೇ ತೂಗುತ್ತದೆ, ಹಾಗೆ ತೂಗುವುದು ನ್ಯಾಯವೂ ಹೌದು. ಬೇರೆ ಆಧಾರಗಳಿರುವ ಆಸ್ತಿಕ ಇದೇ ಸಾಕ್ಷ್ಯವನ್ನು ಕಂಡೂ ತರ್ಕಬದ್ಧನಾಗಿ ಉಳಿಯಬಲ್ಲನೆಂದು ರೋ ಅವರೇ ತಮ್ಮ 1979ರ ಲೇಖನದಲ್ಲಿ ಒಪ್ಪಿ, ತಮ್ಮ ನಿಲುವನ್ನು ಸ್ನೇಹಪರ ನಾಸ್ತಿಕತೆ ಎಂದು ಕರೆದರು. ಅಲ್ಲಿಂದ ಮುಂದೆ ವಿವಾದವು ಆ ಬೇರೆ ಆಧಾರಗಳು ಎಷ್ಟು ಗಟ್ಟಿ ಎಂಬುದರ ಮೇಲೆ ನಡೆಯಬೇಕೇ ಹೊರತು, ಸತ್ತವರ ನೋವಿಗೆ ಯಾವ ಕಾರಣ ಒಪ್ಪುತ್ತದೆ ಎಂಬುದರ ಮೇಲಲ್ಲ.