ಇಪ್ಪತ್ತೆಂಟನೆಯ ದಿನ

ಡ್ಯೂಟಿ ಮುಗಿಯುವುದು ಆರಕ್ಕೆ ಎಂಬುದು ಬರೀ ಮಾತಿಗೆ. ಬೆಳಗಿನ ಪಾಳಿಯವಳು ಬಂದು, ಕ್ಯಾಶ್ ಎಣಿಸಿ, ರಿಜಿಸ್ಟರಿಗೆ ಇಬ್ಬರೂ ಸಹಿ ಹಾಕಿ, ನಾನು ಮುಖಕ್ಕೆ ನೀರು ಹಾಕಿಕೊಂಡು ಆಸ್ಪತ್ರೆಯ ಗೇಟು ದಾಟುವಾಗ ಆರೂ ಇಪ್ಪತ್ತು. ಕೆಪಿಟಿ ಸ್ಟಾಪಿನಲ್ಲಿ ಉಡುಪಿ ಎಕ್ಸ್‌ಪ್ರೆಸ್ ಸಿಗುತ್ತದೆ. ಆ ಹೊತ್ತಿಗೆ ಸೀಟಿಗೆ ತೊಂದರೆಯಿಲ್ಲ. ನಾನು ಯಾವಾಗಲೂ ಎಡಗಡೆ, ಕಡಲ ಬದಿಗೆ ಕೂರುವುದು. ಗಾಳಿಗಾಗಿ ಅಲ್ಲ. ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ಬೆಳಗಿನ ಬಿಸಿಲು ಬಲಗಡೆಯಿಂದ ಬಂದು ಮೊಬೈಲಿನ ಪರದೆಗೆ ಹೊಡೆಯುತ್ತದೆ, ಎಂತದೂ ಕಾಣುವುದಿಲ್ಲ.

"ಕಟಪಾಡಿ" ಎಂದು ಚಿಲ್ಲರೆ ಕೊಟ್ಟೆ. ಕಂಡಕ್ಟರನಿಗೆ ಗೊತ್ತು, ಆದರೂ ಪ್ರತಿದಿನ ಕೇಳುತ್ತಾನೆ. "ಇವತ್ತು ಎಂತ ಬೆಳೆ?" ಎಂದೂ ಕೇಳುತ್ತಾನೆ. ಒಂದು ದಿನ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದವನು ಅವನು.

"ಹೂಕೋಸು" ಅಂದೆ.

"ಮಾರಾಯ, ಕೆಜಿಗೆ ಎಷ್ಟು ಸಿಗ್ತದೆ?" ನಗುತ್ತ ಹಿಂದಿನ ಬಾಗಿಲಿಗೆ ಹೋಗಿ ಸೀಟಿ ಊದಿದ. "ಪೋಯಿ, ರೈಟ್!"

ಆಟದ ಹೆಸರು ಸ್ಟಾರ್ಡ್ಯೂ ವ್ಯಾಲಿ. ಒಮ್ಮೆ ದುಡ್ಡು ಕೊಟ್ಟು ಹಾಕಿಕೊಂಡರೆ ಆಯಿತು, ಇಂಟರ್ನೆಟ್ ಬೇಡ, ನಡುವೆ ಜಾಹೀರಾತು ಇಲ್ಲ. ಅಜ್ಜ ಬಿಟ್ಟುಹೋದ ಹಾಳುಬಿದ್ದ ಹೊಲಕ್ಕೆ ಆಫೀಸು ಕೆಲಸ ಬಿಟ್ಟು ಒಬ್ಬ ಬರುತ್ತಾನೆ. ಕಲ್ಲು ಒಡೆಯುತ್ತಾನೆ, ಅಗೆಯುತ್ತಾನೆ, ಬಿತ್ತುತ್ತಾನೆ, ಡಬ್ಬಿಯಲ್ಲಿ ನೀರು ಹಾಕುತ್ತಾನೆ. ಅಲ್ಲಿ ಒಂದು ಋತುವಿಗೆ 28 ದಿನ, ವರ್ಷಕ್ಕೆ ನಾಲ್ಕೇ ಋತು. ಬೆಳಿಗ್ಗೆ ಆರಕ್ಕೆ ಏಳುತ್ತಾನೆ. ರಾತ್ರಿ ಎರಡರೊಳಗೆ ಹಾಸಿಗೆ ಸೇರದಿದ್ದರೆ ನಿಂತಲ್ಲೇ ಕುಸಿದು ಬೀಳುತ್ತಾನೆ. ಇದನ್ನು ಮೊದಲ ಸಲ ಕಂಡಾಗ ನನಗೆ ಬಸ್ಸಿನಲ್ಲೇ ನಗು ಬಂದಿತ್ತು. ನನಗೆ ಎರಡು ಗಂಟೆಯೆಂದರೆ ಕ್ಯಾಂಟೀನಿನ ಎರಡನೆಯ ಚಾ.

ಅವನ ಒಂದು ಪೂರ್ತಿ ದಿನ ನಮ್ಮ ಹದಿನಾಲ್ಕು ನಿಮಿಷ. ಕೆಪಿಟಿಯಿಂದ ಸುರತ್ಕಲ್ಲಿಗೆ ಒಂದು ದಿನ, ಸುರತ್ಕಲ್ಲಿಂದ ಮೂಲ್ಕಿಗೆ ಇನ್ನೊಂದು. ಕೂಳೂರು ಸೇತುವೆಯ ಹತ್ತಿರ ಲಾರಿಗಳು ಸಾಲುಗಟ್ಟಿದರೆ ಅವನಿಗೆ ಕೋಳಿಗಳನ್ನು ಮುದ್ದು ಮಾಡಲಿಕ್ಕೂ ಸಮಯ ಸಿಗುತ್ತದೆ.

ಅವತ್ತೂ ಸೇತುವೆಯ ಹತ್ತಿರ ಬಸ್ ನಿಂತಿತು. ಕೆಳಗೆ ಫಲ್ಗುಣಿ, ಉಬ್ಬರದ ನೀರು, ಒಂದೇ ಒಂದು ದೋಣಿ. ನಾನು ಇಪ್ಪತ್ತು ಹೂಕೋಸಿನ ಗಿಡಗಳಿಗೆ ಒಂದೊಂದಾಗಿ ನೀರು ಹಾಕುತ್ತಿದ್ದೆ. ಆಟದೊಳಗೆ ವಸಂತದ 26ನೇ ದಿನ. ಹೊರಗೆ ಏಪ್ರಿಲ್ ಕೊನೆ, ಆರೂವರೆಗೇ ಸೆಕೆ.

ನೀರು ಹಾಕುವ ಸದ್ದು ಬೇಕೆಂದು ಕಿವಿಗೆ ಇಯರ್‌ಫೋನ್ ಹಾಕಿದ್ದೆ. ಆದರೂ ಕೇಳಿಸುತ್ತಿದ್ದದ್ದು ನಮ್ಮ ಕೌಂಟರಿನ ಪ್ರಿಂಟರಿನ ಕಿರಕಿರ.

ರಾತ್ರಿ ಹನ್ನೊಂದೂ ಕಾಲಕ್ಕೆ ಅವರು ಬಂದಿದ್ದರು. ತೀರ್ಥಹಳ್ಳಿ ಕಡೆಯವರು, ಎಪ್ಪತ್ತರ ಮೇಲಿನ ಪ್ರಾಯ, ಬಿಳಿ ಪಂಚೆ, ಕೈಯಲ್ಲಿ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲ. ಹೆಂಡತಿಯನ್ನು ಐಸಿಯುಗೆ ಹಾಕಿದ್ದರು. ಅಡ್ವಾನ್ಸ್ 20,000 ಎಂದು ನಾನು ಹೇಳಬೇಕಾಯಿತು. ಚೀಲದಿಂದ ನೋಟುಗಳು ಬಂದವು. ಐನೂರರವು, ನೂರರವು, ಕೊನೆಗೆ ಐವತ್ತರವೂ. ಬಹುಶಃ ಅಡಿಕೆ ದುಡ್ಡು, ನೋಟುಗಳಿಗೆ ಕಪಾಟಿನ ವಾಸನೆ ಇತ್ತು. ಎಣಿಸಿ ರಸೀದಿ ಕೊಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಮತ್ತೆ ತೆಗೆದು ಓದಿ, ಮತ್ತೆ ಇಟ್ಟರು.

ನಾಲ್ಕೂ ಇಪ್ಪತ್ತಕ್ಕೆ ವಾಪಸ್ ಬಂದರು. ಮೇಲಿನಿಂದ ನನಗೆ ಮೊದಲೇ ಫೋನ್ ಬಂದಿತ್ತು.

ಇಂಥ ಹೊತ್ತಿನಲ್ಲಿ ನನ್ನ ಕೆಲಸ ಬಹಳ ಸುಲಭದ್ದು. ನಂಬರ್ ಹೊಡೆದರೆ ಬಿಲ್ ಬರುತ್ತದೆ. ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ದಾಖಲಾದ ದಿನವೂ ಒಂದು ದಿನ, ಐದು ಗಂಟೆಯಾದರೂ ಒಂದು ದಿನ. ಅದನ್ನೆಲ್ಲ ಕಳೆದು 6,340 ರೂಪಾಯಿ ವಾಪಸ್ ಕೊಡುವುದಿತ್ತು. ಎಣಿಸಿ ಕೌಂಟರಿನ ಕಿಂಡಿಯಿಂದ ಮುಂದಕ್ಕೆ ತಳ್ಳಿದೆ. ಮುಟ್ಟಲಿಲ್ಲ.

"ಇದೆಂಥದು?" ಎಂದು ಕೇಳಿದರು.

"ಉಳಿದದ್ದು ಯಜಮಾನ್ರೇ."

ತಲೆಯೆತ್ತಿ ನನ್ನನ್ನು ನೋಡಿದರು. "ಉಳಿದದ್ದಾ?"

ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ. "ಇಲ್ಲಿ ಒಂದು ಸಹಿ" ಎಂದು ಚೀಟಿ ಮುಂದಿಟ್ಟೆ. ನಿಧಾನಕ್ಕೆ, ಶಾಲೆಯ ಮಕ್ಕಳ ಹಾಗೆ ಅಕ್ಷರ ಬಿಡಿಸಿ ಸಹಿ ಹಾಕಿದರು. ದುಡ್ಡನ್ನು ಎಣಿಸದೆ ಅದೇ ಚೀಲಕ್ಕೆ ಹಾಕಿಕೊಂಡರು. ಎಣಿಸಿ ನೋಡಿ ಎಂದು ಹೇಳುವುದು ನಿಯಮ. ನಾನು ಹೇಳಲಿಲ್ಲ.

ಸುರತ್ಕಲ್ಲಿನಲ್ಲಿ ಕಾಲೇಜಿನ ಮಕ್ಕಳು ಇಳಿದರು. 27ನೇ ದಿನ ಅಲ್ಲಿ ಮಳೆ. ಟಿವಿ ಹಿಂದಿನ ದಿನವೇ ಹೇಳಿತ್ತು, ಅದು ಹೇಳಿದ ಮೇಲೆ ಸುಳ್ಳಾಗುವುದಿಲ್ಲ. ಮಳೆ ಬಂದರೆ ನೀರು ಹಾಕುವ ಕೆಲಸವಿಲ್ಲ. ಮೊಟ್ಟೆ ಹೆಕ್ಕಿ, ಮಾರುವ ಪೆಟ್ಟಿಗೆಗೆ ಹಾಕಿ, ಅವನನ್ನು ಬೇಗ ಮಲಗಿಸಿದೆ. ಮುಕ್ಕದ ಹತ್ತಿರ ಕಡಲು ಒಂದು ಕ್ಷಣ ಕಂಡು ಮರೆಯಾಯಿತು. ಹಳೆಯಂಗಡಿಯಲ್ಲಿ ಹತ್ತಿದ ಹೆಂಗಸೊಬ್ಬರು ಪಕ್ಕದಲ್ಲಿ ಕೂತರು. ಅವರ ತಲೆಯಲ್ಲಿದ್ದ ಮಲ್ಲಿಗೆ ನಿನ್ನೆಯದು. ಅಂಚು ಕಂದಿದ್ದು ನೋಡಿದರೆ ನಮ್ಮ ಮನೆಯವರಿಗೆ ಗೊತ್ತಾಗುತ್ತದೆ, ಅದೊಂದು ರೋಗ.

ಶಾಂಭವಿ ನದಿ ದಾಟುವಾಗ 28ನೇ ದಿನದ ಬೆಳಗಾಯಿತು.

ಅವನನ್ನು ಹೊಲಕ್ಕೆ ಕರೆದುಕೊಂಡು ಬಂದು ನೋಡಿದರೆ ಇಪ್ಪತ್ತೂ ಗಿಡ ದೊಡ್ಡ ದೊಡ್ಡ ಎಲೆ ಬಿಟ್ಟು ನಿಂತಿವೆ. ಹೂವಿಲ್ಲ. ಇವತ್ತು ಕೊಯ್ಲು ಆಗಬೇಕಿತ್ತು. 17ಕ್ಕೆ ನೆಟ್ಟದ್ದು, ಹನ್ನೆರಡು ದಿನದ ಬೆಳೆ. ಬೆರಳು ಮಡಿಸಿ ಎಣಿಸಿದೆ. 17, 18, 19... 28ಕ್ಕೆ ಸರಿಯಾಗಿ ಹನ್ನೆರಡು. ಮತ್ತೆ ಎಣಿಸುವಾಗ ತಿಳಿಯಿತು. ನೆಟ್ಟ ದಿನವನ್ನು ನಾನು ಒಂದು ದಿನ ಎಂದು ಹಿಡಿದಿದ್ದೆ. ಆಸ್ಪತ್ರೆಯ ಲೆಕ್ಕ. ಆಟದಲ್ಲಿ ನೆಟ್ಟ ದಿನ ಲೆಕ್ಕಕ್ಕಿಲ್ಲ. ಕೊಯ್ಲು ಬರುವುದು 29ಕ್ಕೆ, 29 ಎಂಬ ದಿನವೇ ಅಲ್ಲಿಲ್ಲ. 28ರ ರಾತ್ರಿ ಅವನು ಮಲಗಿ ಎದ್ದರೆ ಬೇಸಗೆಯ 1ನೇ ದಿನ. ವಸಂತದ ಬೆಳೆಯೆಲ್ಲ ಒಣಗಿ ಕಡ್ಡಿಯಾಗಿರುತ್ತದೆ.

ಮಾಡಲಿಕ್ಕೆ ಏನೂ ಇರಲಿಲ್ಲ. ಆದರೂ ನೀರು ಹಾಕಿದೆ, ಇಪ್ಪತ್ತಕ್ಕೂ.

ಹೆಜಮಾಡಿಯ ಟೋಲ್ ದಾಟಿತು, ಪಡುಬಿದ್ರಿಯಲ್ಲಿ ಬಸ್ ಅರ್ಧ ಖಾಲಿಯಾಯಿತು. ಅಲ್ಲಿ ಮಧ್ಯಾಹ್ನ, ಸಂಜೆ, ಮನೆಗಳಿಗೆಲ್ಲ ದೀಪ. ಅವನನ್ನು ಸುಮ್ಮನೆ ಸಾಲಿನ ನಡುವೆ ನಿಲ್ಲಿಸಿಕೊಂಡೆ. ಉಚ್ಚಿಲದಲ್ಲಿ ರಾತ್ರಿ ಹನ್ನೊಂದಾಯಿತು, ಕಾಪುವಿಗೆ ಬರುವಷ್ಟರಲ್ಲಿ ಒಂದು ದಾಟಿತು. ಎರಡಕ್ಕೆ ಕುಸಿದು ಬೀಳುತ್ತಾನೆ. ಬಿದ್ದರೂ ಬೆಳಗಾಗುತ್ತದೆ. 1:20ಕ್ಕೆ ಮೆನು ತೆರೆದೆ. ಮೆನು ತೆರೆದರೆ ಗಡಿಯಾರ ನಿಲ್ಲುತ್ತದೆ.

ಕಟಪಾಡಿಯಲ್ಲಿ ಇಳಿದು ಮೊಬೈಲನ್ನು ಹಾಗೆಯೇ ಕಿಸೆಗೆ ಹಾಕಿದೆ. ಬೈಕ್ ನಿಲ್ಲಿಸುವ ಅಂಗಡಿಯವರು "ಎಂತ, ಮುಖ ಹೀಗೆ?" ಅಂದರು. "ನಿದ್ರೆ" ಅಂದೆ. ರಾತ್ರಿ ಪಾಳಿಯವನಿಗೆ ಈ ಒಂದು ಅನುಕೂಲ, ಎಲ್ಲದಕ್ಕೂ ಅದೇ ಉತ್ತರ ಸಾಕು.

ಶಂಕರಪುರದ ರಸ್ತೆಯಲ್ಲಿ ಆ ಹೊತ್ತಿಗೆ ಪ್ರತಿ ಅಂಗಳದಲ್ಲೂ ಬಗ್ಗಿದ ಬೆನ್ನುಗಳು. ಮಲ್ಲಿಗೆ ಮೊಗ್ಗು ಅರಳುವ ಮೊದಲು ಕೊಯ್ದು, ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ನಮ್ಮಲ್ಲಿ ಐವತ್ತು ಗಿಡ. ಅಮ್ಮ ಐದೂವರೆಗೇ ಶುರು ಮಾಡಿ, ಈಗ ಜಗಲಿಯಲ್ಲಿ ಕಾಲು ಚಾಚಿ, ನೆನೆಸಿದ ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇವತ್ತು ಎಷ್ಟು ಎಂಬುದರ ಮೇಲೆ ನಮ್ಮ ಮನೆಯ ಮಧ್ಯಾಹ್ನದ ಮಾತು ನಿಂತಿರುತ್ತದೆ. ಮದುವೆಗಳಿದ್ದರೆ ಏರುತ್ತದೆ, ಹೂವು ಜಾಸ್ತಿ ಬಂದ ದಿನ ಬೀಳುತ್ತದೆ.

"ಬಂದಿಯಾ? ಗಂಜಿ ಉಂಟು, ಚಟ್ನಿ ಉಂಟು. ಮೊದಲು ಇದೊಂದು ಎಣಿಸಿ ಕೊಡು ಮಗಾ. ಪಕ್ಕದ ಮನೆಯವಳು ಮಾತಾಡಿಸಿದಳು, ಲೆಕ್ಕ ತಪ್ಪಿತು."

ಮೆಟ್ಟಿಲ ಮೇಲೆ ಕೂತೆ. "ನನ್ನದೂ ತಪ್ಪಿದೆ."

"ಎಂತ, ಕೌಂಟರಿನಲ್ಲಾ?" ಅಮ್ಮನ ಕೈ ನಿಂತಿತು.

"ಅಲ್ಲ, ಆಟದ್ದು. ಒಂದು ದಿನ ಹೆಚ್ಚು ಎಣಿಸಿದೆ. ಇಪ್ಪತ್ತು ಹೂಕೋಸು ಹೋಯಿತು."

ಮನೆ ಸುತ್ತ ಗಿಡ ಇಟ್ಟುಕೊಂಡು ಫೋನಿನಲ್ಲಿ ಗಿಡ ನೆಡುವವನು ಎಂದು ನೆಂಟರಿಗೆಲ್ಲ ಹೇಳಿ ನಗುವವಳು ಅವತ್ತು ನಗಲಿಲ್ಲ. "ಬೀಜಕ್ಕೆ ಎಷ್ಟು ಹಾಕಿದ್ದಿ?"

"ಒಂದಕ್ಕೆ 80. ಸಾವಿರದ ಆರುನೂರು."

"ಮಾರಿದರೆ?"

"ಒಂದಕ್ಕೆ 175."

"ಯಾವಾಗ ಮಾರಿದರೂ?"

"ಯಾವಾಗ ಮಾರಿದರೂ, ಎಷ್ಟು ಮಾರಿದರೂ."

"ಹಬ್ಬಕ್ಕೆ ಏರುವುದಿಲ್ಲ, ರಾಶಿ ಬಂದರೆ ಬೀಳುವುದಿಲ್ಲ?" ಅಮ್ಮ ಸ್ವಲ್ಪ ಹೊತ್ತು ಆ ಊರಿನ ಬಗ್ಗೆ ಯೋಚಿಸಿದಳು. "ನೀರು ಹಾಕದಿದ್ದರೆ ಸಾಯ್ತದಾ?"

"ಸಾಯುವುದಿಲ್ಲ. ಬೆಳೆಯುವುದೂ ಇಲ್ಲ. ನೀರು ಹಾಕುವವರೆಗೆ ನಿಂತಲ್ಲೇ ನಿಂತಿರ್ತದೆ. ಸಾಯುವುದು ತಿಂಗಳು ಮುಗಿದರೆ ಮಾತ್ರ."

"ಈಗ ಮುಗಿಯಿತಾ?"

"ಇನ್ನೂ ಇಲ್ಲ. ಅವನನ್ನು ಮಲಗಿಸಲಿಲ್ಲ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಕೇಳಲಿಲ್ಲ. ಹೂವಿನ ಮಾಲೆಯನ್ನು ನನ್ನ ಕಡೆಗೆ ಸರಿಸಿದಳು. ನಾನು ಎಣಿಸತೊಡಗಿದೆ. ಒದ್ದೆ ನಾರು ಬೆರಳಿಗೆ ತಣ್ಣಗಿತ್ತು. ಇನ್ನೂರರವರೆಗೆ ಬಂದಾಗ ನನ್ನ ಬಾಯಿಂದಲೇ ಮಾತು ಹೊರಟಿತು.

"ರಾತ್ರಿ ಒಬ್ಬರು ಅಜ್ಜನಿಗೆ ದುಡ್ಡು ವಾಪಸ್ ಕೊಟ್ಟೆ ಅಮ್ಮ. ಆರು ಸಾವಿರ ಚಿಲ್ಲರೆ."

"ಒಳ್ಳೆದಾಯ್ತಲ್ಲ" ಅಂದಳು, ಇನ್ನೊಂದು ನಾರು ಎಳೆದುಕೊಳ್ಳುತ್ತ. "ಆಸ್ಪತ್ರೆಗೆ ಹೋದ ದುಡ್ಡು ವಾಪಸ್ ಬರುವುದು ಅಂದರೆ ಸಣ್ಣ ಸಂಗತಿಯಾ. ಖುಷಿಯಾಗಿರಬೇಕು ಪಾಪ ಅವರಿಗೆ."

"ಹ್ಞೂಂ" ಅಂದೆ.

ಕಿಸೆಯಲ್ಲಿ ಮೊಬೈಲ್ ಬಿಸಿಯಾಗಿತ್ತು. ಎಷ್ಟರವರೆಗೆ ಎಣಿಸಿದ್ದೆನೋ ಮರೆತುಹೋಗಿ, ಮಾಲೆಯ ತುದಿ ಹಿಡಿದು ಮತ್ತೆ ಒಂದರಿಂದ ಶುರು ಮಾಡಿದೆ.