ವಿಷಯ: ಓಲೆಗರಿ ನೋಟ್‌ಬುಕ್ ಮುಖಪುಟಗಳು – ಬಿಲ್ ಯಾವ ಹೆಸರಿಗೆ? ಜಿಎಸ್‌ಟಿ ವಿವರ ಬೇಕಿತ್ತು

ಸುಮಂಗಲಾ ಮೇಡಂ, ನಮಸ್ಕಾರ.

ಕೊಟೇಶನ್ ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್. ಎಂಟು ಮುಖಪುಟಗಳ ಕೆಲಸವನ್ನು ಮಾತಾಡಿಕೊಂಡಂತೆ ಸೋಮವಾರವೇ ಶುರು ಮಾಡುತ್ತೇನೆ. "ಮುಂಗಡದ ಬಿಲ್ ಕಳಿಸಿಬಿಡಿ, ಅವತ್ತೇ ಹಾಕ್ತೀನಿ" ಅಂದಿರಲ್ಲ, ಅದನ್ನು ಮಾಡೋಣ ಅಂತ ನಿನ್ನೆ ರಾತ್ರಿ ಕೂತೆ. ದಿನಾಂಕ ಹಾಕಿದೆ, ಕೆಲಸದ ವಿವರ ಬರೆದೆ. ಬಿಲ್ ಯಾರ ಹೆಸರಿಗೆ ಅನ್ನುವ ಸಾಲಿಗೆ ಬಂದಾಗ ಕೈ ನಿಂತಿತು.

ಯಾಕೆಂದರೆ ನನ್ನ ಹತ್ತಿರ ನಿಮ್ಮ ಮೂರು ಹೆಸರುಗಳಿವೆ. ಫೋನಿನಲ್ಲೂ ಲೋಗೋದಲ್ಲೂ "ಓಲೆಗರಿ". ನಿಮ್ಮ ಮೇಲ್‌ಗಳ ಕೊನೆಯಲ್ಲಿ "ಓಲೆಗರಿ ಸ್ಟೇಷನರಿ". ಮೊನ್ನೆ ಸ್ಯಾಂಪಲ್ ನೋಟ್‌ಬುಕ್‌ಗಳು ಬಂದ ಡಬ್ಬದ ಮೇಲಿನ ಕೊರಿಯರ್ ಚೀಟಿಯಲ್ಲಿ "ಎಸ್.ಆರ್. ಎಂಟರ್‌ಪ್ರೈಸಸ್". ಮೂರೂ ನೀವೇ ಅಂತ ನನಗೆ ಗೊತ್ತು. ಆದರೆ ತೆರಿಗೆ ಇಲಾಖೆಯ ದಾಖಲೆಯಲ್ಲಿ ನೀವು ಯಾವ ಹೆಸರಿನಲ್ಲಿದ್ದೀರಿ ಅನ್ನುವುದನ್ನು ನಾನು ಊಹಿಸಿ ಬರೆಯುವ ಹಾಗಿಲ್ಲ.

ಹಾಗಾಗಿ ಶುಕ್ರವಾರದೊಳಗೆ ಇಷ್ಟು ಕಳಿಸಿಕೊಡಿ: ವ್ಯವಹಾರದ ನೋಂದಾಯಿತ ಹೆಸರು, ಅದು ಪ್ರೊಪ್ರೈಟರಿಯೋ ಪಾಲುದಾರಿಕೆಯೋ ಕಂಪನಿಯೋ ಅನ್ನುವುದು, ಪಿನ್‌ಕೋಡ್ ಸಹಿತ ನೋಂದಾಯಿತ ವಿಳಾಸ ಮತ್ತು ಜಿಎಸ್‌ಟಿ ನಂಬರ್.

ನಾಲ್ಕನ್ನೂ ಬೇರೆ ಬೇರೆ ಹುಡುಕಬೇಕಾಗಿಲ್ಲ. ಜಿಎಸ್‌ಟಿ ನೋಂದಣಿ ಪ್ರಮಾಣಪತ್ರದ ಮೊದಲ ಪುಟದಲ್ಲೇ ಎಲ್ಲವೂ ಇರುತ್ತದೆ. ಅದನ್ನು ವ್ಯವಹಾರದ ಜಾಗದಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕೆಂಬ ನಿಯಮ ಇರುವುದರಿಂದ ಬಹುಶಃ ನಿಮ್ಮ ಆಫೀಸಿನ ಗೋಡೆಯ ಮೇಲೇ ಫ್ರೇಮಿನಲ್ಲಿರಬೇಕು. ಅದರ ಫೋಟೋ ತೆಗೆದು ವಾಟ್ಸಾಪ್ ಮಾಡಿದರೂ ನಡೆಯುತ್ತದೆ. ಜೊತೆಗೆ ನಂಬರನ್ನು ಮಾತ್ರ ಒಮ್ಮೆ ಟೈಪ್ ಮಾಡಿ ಕಳಿಸಿ. ಫ್ರೇಮಿನ ಗಾಜಿಗೆ ಟ್ಯೂಬ್‌ಲೈಟ್ ಹೊಳೆದರೆ 8 ಯಾವುದು B ಯಾವುದು ಅಂತ ಗೊತ್ತಾಗುವುದಿಲ್ಲ. ಮೊದಲ ಪುಟ ಒಂದೇ ಸಾಕು. ಹಿಂದಿನ ಪುಟಗಳಲ್ಲಿ ಮಾಲೀಕರ ಫೋಟೋ, ವಿವರಗಳಿರುತ್ತವೆ, ಅವು ನನಗೆ ಬೇಡ.

ಆ ಪುಟದಲ್ಲಿ Legal Name ಅಂತ ಒಂದು ಸಾಲು, ಅದರ ಕೆಳಗೆ Trade Name ಅಂತ ಇನ್ನೊಂದು ಸಾಲು ಇರುತ್ತದೆ. ನಿಮ್ಮದು ಪ್ರೊಪ್ರೈಟರಿಯಾದರೆ ಮೊದಲ ಸಾಲಿನಲ್ಲಿ ಇರುವುದು ಅಂಗಡಿಯ ಹೆಸರಲ್ಲ, ಮಾಲೀಕರ ಸ್ವಂತ ಹೆಸರು, ಪ್ಯಾನ್ ಕಾರ್ಡಿನಲ್ಲಿ ಇರುವ ಹಾಗೇ. ಬಹಳ ಜನ "ಲೀಗಲ್ ನೇಮ್" ಅಂದ ತಕ್ಷಣ ಬೋರ್ಡಿನ ಮೇಲಿರುವುದನ್ನು ಕಳಿಸಿಬಿಡುತ್ತಾರೆ. ಬಿಲ್ಲಿನಲ್ಲಿ ನಾನು ಎರಡನ್ನೂ ಬರೆಯುತ್ತೇನೆ, ಮೇಲೆ ನೋಂದಾಯಿತ ಹೆಸರು, ಕೆಳಗೆ ವ್ಯಾಪಾರದ ಹೆಸರು. ಓಲೆಗರಿ ಅನ್ನುವುದು ಎರಡೂ ಕಡೆ ಇಲ್ಲದಿದ್ದರೆ ಚಿಂತೆಯಿಲ್ಲ, ಕೆಲಸದ ವಿವರದಲ್ಲಿ "ಓಲೆಗರಿ ಬ್ರ್ಯಾಂಡಿನ ನೋಟ್‌ಬುಕ್ ಮುಖಪುಟ ವಿನ್ಯಾಸ" ಅಂತ ಬರುತ್ತದೆ.

ಪ್ಯಾನ್ ಬೇರೆಯಾಗಿ ಕೇಳುತ್ತಿಲ್ಲ. ಹದಿನೈದು ಅಕ್ಷರಗಳ ಜಿಎಸ್‌ಟಿ ನಂಬರಿನಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ಆಮೇಲಿನ ಹತ್ತು ಅಕ್ಷರ ನಿಮ್ಮ ಪ್ಯಾನೇ. ಆಧಾರ್ ಅಂತೂ ಯಾವ ಬಿಲ್ಲಿಗೂ ಬೇಕಾಗಿಲ್ಲ, ದಯವಿಟ್ಟು ಕಳಿಸಬೇಡಿ. ನಂಬರ್ ಬಂದ ಮೇಲೆ ಜಿಎಸ್‌ಟಿ ಪೋರ್ಟಲ್‌ನ Search Taxpayer ಪುಟದಲ್ಲಿ ಹಾಕಿ ನೋಡುತ್ತೇನೆ. ಅಲ್ಲಿ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೇ ಅನ್ನುವುದು ಯಾರಿಗಾದರೂ ಕಾಣುತ್ತದೆ. ಹೊಸಬರ ಕೆಲಸ ಹಿಡಿದಾಗಲೆಲ್ಲ ನಾನು ಇದನ್ನು ಮಾಡುತ್ತೇನೆ, ನಿಮ್ಮ ಮೇಲಿನ ಅನುಮಾನದಿಂದಲ್ಲ. ನನ್ನ ನಂಬರನ್ನೂ ನೀವು ಹಾಗೇ ನೋಡಿಕೊಳ್ಳಿ, ಈ ಮೇಲ್‌ಗೆ ಲಗತ್ತಿಸಿದ ನನ್ನ ಪ್ರಮಾಣಪತ್ರದಲ್ಲಿದೆ.

ಇಷ್ಟೊಂದು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಗ್ರಾಹಕರಿಗೆ ಬೋರ್ಡಿನ ಮೇಲಿದ್ದ ಹೆಸರಿಗೇ ಬಿಲ್ ಮಾಡಿ, ಅವರು ಬಾಯಲ್ಲಿ ಹೇಳಿದ ಜಿಎಸ್‌ಟಿ ನಂಬರನ್ನು ಬರೆದುಕೊಂಡು ಕಳಿಸಿದ್ದೆ. ಆ ನಂಬರ್ ಅದೇ ಮನೆತನದ ಇನ್ನೊಂದು ಸಂಸ್ಥೆಯದು. ಅವರ ಲೆಕ್ಕದವರು ಗಮನಿಸುವ ಹೊತ್ತಿಗೆ ನಾನು ಆ ತಿಂಗಳ ರಿಟರ್ನ್ ಸಲ್ಲಿಸಿ ಆಗಿತ್ತು. ಮುಂದಿನ ತಿಂಗಳ ರಿಟರ್ನ್‌ನಲ್ಲಿ ತಿದ್ದಬೇಕಾಯಿತು, ಹೊಸ ಬಿಲ್ ಬರುವ ತನಕ ಹಣ ನಿಂತಿತು, ಎರಡು ತಿಂಗಳು ಹೋಯಿತು. ಆ ಲೆಕ್ಕದವರು ಫೋನಿನಲ್ಲಿ "ಡಿಸೈನ್ ಮಾಡುವಾಗ ಒಂದೊಂದು ಚುಕ್ಕಿ ನೋಡ್ತೀರಿ, ಬಿಲ್ ಮಾಡುವಾಗ ಹೆಸರು ನೋಡಲ್ವಾ?" ಅಂದರು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಬಿಲ್ಲಿನಲ್ಲಿ ಯಾರ ನಂಬರ್ ಇರುತ್ತದೋ ಅವರ ಖಾತೆಗೇ ಇನ್‌ಪುಟ್ ಕ್ರೆಡಿಟ್ ಹೋಗುತ್ತದೆ. ನಾನು ಪ್ರತಿ ತಿಂಗಳ 11ರೊಳಗೆ ಹಿಂದಿನ ತಿಂಗಳ ಬಿಲ್ಲುಗಳ ರಿಟರ್ನ್ ಆದ ಜಿಎಸ್‌ಟಿಆರ್-1 ಸಲ್ಲಿಸುತ್ತೇನೆ. 14ರ ಹೊತ್ತಿಗೆ ಪೋರ್ಟಲ್‌ನಲ್ಲಿ ನಿಮ್ಮ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಅದು ಕಾಣಬೇಕು. ನನ್ನ ಶುಲ್ಕದ ಮೇಲಿನ ಶೇ 18ರಲ್ಲಿ ನಿಮಗೆ ವಾಪಸ್ ಹೊಂದಾಣಿಕೆಯಾಗುವ ದುಡ್ಡು ಇದ್ದರೆ, ಒಂದು ಅಕ್ಷರದ ತಪ್ಪಿಗೆ ಅದು ಸಿಕ್ಕಿಹಾಕಿಕೊಳ್ಳಬಾರದು.

ಇನ್ನೊಂದು ವಿಷಯ. ಮುದ್ರಣ ಪಕ್ಕದ ರಾಜ್ಯದಲ್ಲಿ, ಅಲ್ಲೊಂದು ಗೋಡೌನ್ ಕೂಡ ಇದೆ ಅಂದಿದ್ದಿರಿ. ಅಲ್ಲಿಯೂ ನಿಮಗೆ ಬೇರೆ ಜಿಎಸ್‌ಟಿ ನೋಂದಣಿ ಇದೆಯೇ? ಇದ್ದರೆ ಈ ಕೆಲಸವನ್ನು ಯಾವುದಕ್ಕೆ ಬಿಲ್ ಮಾಡಬೇಕು ಅಂತ ನೀವೇ ಹೇಳಬೇಕು. ನಾನಿರುವ ರಾಜ್ಯದ ನಂಬರಾದರೆ ಸಿಜಿಎಸ್‌ಟಿ ಶೇ 9, ಎಸ್‌ಜಿಎಸ್‌ಟಿ ಶೇ 9 ಅಂತ ಎರಡು ಸಾಲು ಬರುತ್ತದೆ. ಬೇರೆ ರಾಜ್ಯದ್ದಾದರೆ ಐಜಿಎಸ್‌ಟಿ ಶೇ 18 ಅಂತ ಒಂದೇ ಸಾಲು. ಕೊಡುವ ಮೊತ್ತ ಅಷ್ಟೇ, ಆದರೆ ಒಂದರ ಬದಲು ಇನ್ನೊಂದು ಹಾಕಿದರೆ ಇಬ್ಬರಿಗೂ ತಲೆನೋವು.

ಒಂದು ವೇಳೆ ಜಿಎಸ್‌ಟಿ ನೋಂದಣಿಯೇ ಮಾಡಿಸಿಲ್ಲ ಅಂದರೆ ಮುಜುಗರ ಬೇಡ, "ಇಲ್ಲ" ಅಂತ ಒಂದು ಸಾಲು ಬರೆಯಿರಿ. ಆಗ ಪ್ಯಾನ್‌ನಲ್ಲಿರುವ ಹೆಸರು ಮತ್ತು ವಿಳಾಸ ಸಾಕು. ನಾನು ನೋಂದಾಯಿತನಾದ್ದರಿಂದ ತೆರಿಗೆ ಹಾಕಲೇಬೇಕಾಗುತ್ತದೆ, ಅದು ನಿಮಗೆ ಕ್ರೆಡಿಟ್ ಆಗಿ ಸಿಗುವುದಿಲ್ಲ ಅಷ್ಟೆ.

ಟಿಡಿಎಸ್ ಬಗ್ಗೆ ನಿಮ್ಮ ಸಿಎ ಅವರನ್ನು ಒಂದು ಮಾತು ಕೇಳಿ. ಕಂಪನಿಯಾದರೆ ವೃತ್ತಿಪರ ಶುಲ್ಕದ ಮೇಲೆ ಶೇ 10 ಕಡಿತ ಬರಬಹುದು. ಪ್ರೊಪ್ರೈಟರಿಯಾಗಿದ್ದು ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿಲ್ಲದಿದ್ದರೆ ಸಾಮಾನ್ಯವಾಗಿ ಆ ಹೊಣೆ ಬರುವುದಿಲ್ಲ. ಕಡಿತ ಮಾಡುವುದಾದರೆ ನನ್ನ ಶುಲ್ಕದ ಮೇಲಷ್ಟೇ ಮಾಡಿ. ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದ ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕುವ ಅಗತ್ಯವಿಲ್ಲ. ನನ್ನ ಪ್ಯಾನ್ ಬಿಲ್ಲಿನಲ್ಲೇ ಇರುತ್ತದೆ. ಬೇಕಾಗಿರುವುದು ಒಂದೇ, ಕಡಿತ ಮಾಡುತ್ತೀರೋ ಇಲ್ಲವೋ ಅಂತ ಮೊದಲೇ ಗೊತ್ತಾಗುವುದು. ಇಲ್ಲದಿದ್ದರೆ ಖಾತೆಗೆ ಕಡಿಮೆ ಬಂದಾಗ ನಾನು ಫೋನ್ ಮಾಡಿ ವಿಚಾರಿಸಬೇಕಾಗುತ್ತದೆ.

"ವಿವರ ಕೊನೆಯ ಬಿಲ್ಲಿಗೆ ಕೊಟ್ಟರಾಯ್ತಲ್ಲ" ಅಂತ ಅನ್ನಿಸಬಹುದು. ಆಗುವುದಿಲ್ಲ ಮೇಡಂ. ಸೇವೆಗಳಿಗೆ ಮುಂಗಡ ಬಂದಾಗಲೇ ಅಷ್ಟು ಹಣದ ಮೇಲಿನ ತೆರಿಗೆಯ ಹೊಣೆ ನನ್ನ ಮೇಲೆ ಬೀಳುತ್ತದೆ. ಬಿಲ್ಲಿನ ನಂಬರೂ ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು, ಮಧ್ಯದ್ದನ್ನು ಹರಿದು ಹಾಕಿ ಇನ್ನೊಂದು ಬರೆಯುವ ಹಾಗಿಲ್ಲ. ಅದಕ್ಕೇ ಮೊದಲು ಒಂದು ಪ್ರೊಫಾರ್ಮಾ, ಅಂದರೆ ಬಿಲ್ಲಿನ ಕರಡು, ಕಳಿಸುತ್ತೇನೆ. ಹೆಸರು, ವಿಳಾಸ, ನಂಬರ್ ನೋಡಿ "ಸರಿ ಇದೆ" ಅಂತ ಹೇಳಿದ ಮೇಲೆಯೇ ಅಸಲಿ ಬಿಲ್. ದಯವಿಟ್ಟು ಮುಂಗಡವನ್ನೂ ಅದು ಬಂದ ಮೇಲೆಯೇ ಹಾಕಿ, ಬಿಲ್ ಯಾವ ಹೆಸರಿಗಿದೆಯೋ ಅದೇ ಹೆಸರಿನ ಖಾತೆಯಿಂದ.

ಅದೇ ಹೆಸರು ಒಪ್ಪಂದಕ್ಕೂ ಬೇಕು. ಪೂರ್ತಿ ಹಣ ಸಂದಾಯವಾದ ಮೇಲೆ ಎಂಟೂ ಚಿತ್ರಗಳ ಹಕ್ಕುಸ್ವಾಮ್ಯ ನಿಮ್ಮದಾಗುತ್ತದೆ ಅಂತ ಮಾತಾಡಿದ್ದೇವೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ನನ್ನ ಸಹಿಯೊಂದಿಗೆ ಇರಬೇಕೆಂದು 1957ರ ಹಕ್ಕುಸ್ವಾಮ್ಯ ಕಾಯ್ದೆ ಹೇಳುತ್ತದೆ. "ಓಲೆಗರಿಗೆ ಕೊಟ್ಟಿದ್ದೇನೆ" ಅಂತ ಬರೆದುಕೊಟ್ಟು, ನಾಳೆ ಯಾರೋ ನಿಮ್ಮ ಮುಖಪುಟ ಕದ್ದಾಗ "ಓಲೆಗರಿ ಅಂದರೆ ಯಾರು?" ಅನ್ನುವ ಪ್ರಶ್ನೆ ಎದ್ದರೆ ಕಷ್ಟ ನಿಮ್ಮದೇ.

ಬಿಲ್ ನಿಮಗೇ ಕಳಿಸಲೋ, ಲೆಕ್ಕ ನೋಡುವವರಿಗೂ ಒಂದು ಪ್ರತಿ ಹೋಗಬೇಕೋ ತಿಳಿಸಿ. ಪರ್ಚೇಸ್ ಆರ್ಡರ್ ನಂಬರ್ ಹಾಕುವ ಪದ್ಧತಿ ಇದ್ದರೆ ಅದೂ ಈಗಲೇ ಇರಲಿ. ನನ್ನ ಬ್ಯಾಂಕ್ ವಿವರ ಬಿಲ್ಲಿನ ಕೆಳಗೆ ಮಾತ್ರ ಇರುತ್ತದೆ. ಮುಂದೆ ಯಾವಾಗಲಾದರೂ "ಖಾತೆ ಬದಲಾಗಿದೆ" ಅಂತ ನನ್ನ ಹೆಸರಲ್ಲಿ ಮೇಲ್ ಬಂದರೆ ನಂಬಬೇಡಿ, ನಾವು ಮಾತಾಡಿರುವ ನಂಬರಿಗೇ ಫೋನ್ ಮಾಡಿ ಕೇಳಿ.

ವಿವರ ಬರುವುದು ಒಂದೆರಡು ದಿನ ತಡವಾದರೂ ಸ್ಕೆಚ್‌ಗಳು ನಿಲ್ಲುವುದಿಲ್ಲ. ಮೊದಲ ಎರಡು ಮುಖಪುಟಗಳ ಪೆನ್ಸಿಲ್ ಕರಡು ಗುರುವಾರ ನಿಮ್ಮ ಕೈಸೇರುತ್ತದೆ.

ವಂದನೆಗಳೊಂದಿಗೆ,
ಪ್ರಮೋದ್
ಗ್ರಾಫಿಕ್ ಡಿಸೈನರ್

ಲಗತ್ತು: ನನ್ನ ಜಿಎಸ್‌ಟಿ ಪ್ರಮಾಣಪತ್ರದ ಮೊದಲ ಪುಟ, ಒಪ್ಪಂದದ ಕರಡು

ಮರೆತಿದ್ದೆ: ಸ್ಯಾಂಪಲ್ ಪುಸ್ತಕಗಳ ಹಿಂಬದಿ ರಟ್ಟು ನೋಡಿದೆ. ಒಂದರಲ್ಲಿ ತಯಾರಕರು "ಓಲೆಗರಿ" ಅಂತಿದೆ, ಇನ್ನೊಂದರಲ್ಲಿ "ಎಸ್.ಆರ್. ಎಂಟರ್‌ಪ್ರೈಸಸ್", ಎರಡರಲ್ಲೂ ಪೂರ್ತಿ ವಿಳಾಸ ಇಲ್ಲ. ಪ್ಯಾಕ್ ಮಾಡಿ ಮಾರುವ ಸರಕಿನ ಮೇಲೆ ತಯಾರಕರ ಹೆಸರು, ವಿಳಾಸ ಇರಬೇಕು ಅಂತ ತೂಕ-ಅಳತೆ ನಿಯಮವಿದೆ. ಹೊಸ ಎಂಟರಲ್ಲಿ ಎಂಆರ್‌ಪಿ ಪಕ್ಕದಲ್ಲಿ ಅದಕ್ಕೆ ಜಾಗ ಬಿಟ್ಟಿರುತ್ತೇನೆ. ಅಲ್ಲಿ ಏನು ಅಚ್ಚಾಗಬೇಕು ಅನ್ನುವುದನ್ನೂ ಇದರ ಜೊತೆಗೇ ಬರೆದು ಕಳಿಸಿ.