ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಮತ್ತು 24 ಗಂಟೆಯ ಮೂತ್ರ ಸಂಗ್ರಹ: ಮನೆಯಲ್ಲಿ ಏನು ಮಾಡಬೇಕು

ಲ್ಯಾಬ್, ಪಿ.ಜೆ. ಬಡಾವಣೆ, ದಾವಣಗೆರೆ

ಡಾಕ್ಟರ್ ನಿಮಗೆ ಫಾಸ್ಟಿಂಗ್ ಶುಗರ್, ಕೊಲೆಸ್ಟ್ರಾಲ್ ಮತ್ತು 24 ಗಂಟೆಯ ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಬರೆದಿದ್ದಾರೆ. ಜಗಳೂರು, ಚನ್ನಗಿರಿ ಕಡೆಯಿಂದ ಬರುವವರು ಎರಡು ಸಲ ಬಸ್ಸು ಹತ್ತುವುದು ಬೇಡ. ಭಾನುವಾರ ಮೂತ್ರ ಹಿಡಿಯಲು ಶುರು ಮಾಡಿ, ಸೋಮವಾರ ಬೆಳಿಗ್ಗೆ ನಾವು ಕೊಟ್ಟ ಕ್ಯಾನ್ ಜೊತೆ ಖಾಲಿ ಹೊಟ್ಟೆಯಲ್ಲಿ ಬನ್ನಿ.

ಮೂತ್ರ ಸಂಗ್ರಹ

ಜಾಸ್ತಿ ಜನ ತಪ್ಪುವುದು ಮೊದಲ ಮೂತ್ರದಲ್ಲೇ. ಭಾನುವಾರ ಬೆಳಿಗ್ಗೆ 6ಕ್ಕೆ ಎದ್ದು ಮಾಡುವ ಮೂತ್ರ ರಾತ್ರಿಯೆಲ್ಲ ಸೇರಿದ್ದು. ಅದನ್ನು ಟಾಯ್ಲೆಟ್‌ಗೆ ಬಿಟ್ಟುಬಿಡಿ, ಕ್ಯಾನ್‌ಗೆ ಹಾಕಬೇಡಿ. ಆ ಸಮಯವನ್ನು ಕ್ಯಾನ್ ಮೇಲೆ ಬರೆಯಿರಿ. ಅಲ್ಲಿಂದ ಹಗಲು, ರಾತ್ರಿ ಬರುವ ಪ್ರತಿಯೊಂದು ಹನಿಯೂ ಕ್ಯಾನ್‌ಗೆ ಸೇರಬೇಕು. ಸೋಮವಾರ ಬೆಳಿಗ್ಗೆ 6ಕ್ಕೆ ಸರಿಯಾಗಿ ಮತ್ತೆ ಮೂತ್ರ ಮಾಡಿ. ಇದನ್ನೂ ಖಂಡಿತ ಕ್ಯಾನ್‌ಗೆ ಹಾಕಿ, ಮುಗಿಸಿದ ಸಮಯ ಬರೆಯಿರಿ.

ಒಂದು ಸಲ ಹಿಡಿಯುವುದು ಮರೆತರೂ ಲೆಕ್ಕ ತಪ್ಪುತ್ತದೆ. ಕಿಡ್ನಿಯಿಂದ ಹೋಗುವ ಪ್ರೋಟೀನ್ ಇರುವುದಕ್ಕಿಂತ ಕಡಿಮೆ ಕಾಣಬಹುದು, ಔಷಧಿಯೂ ಅದರ ಮೇಲೆಯೇ ನಿಂತಿರುತ್ತದೆ. ಅದಕ್ಕೇ ಮದುವೆ, ಸಂತೆ, ಹೊಲದ ಕೆಲಸ ಇಲ್ಲದ ದಿನ ಆರಿಸಿಕೊಳ್ಳಿ.

ಒಣಗಿದ, ಶುಚಿಯಾದ ಮಗ್ಗಿನಲ್ಲಿ ಹಿಡಿದು ಕ್ಯಾನ್‌ಗೆ ಸುರಿಯಿರಿ. ಕಕ್ಕಸಿಗೆ ಹೋಗುವ ಮೊದಲೇ ಮೂತ್ರ ಹಿಡಿಯಿರಿ, ತೊಳೆಯುವ ನೀರು ಸೇರದಿರಲಿ. ಕ್ಯಾನ್ ತುಂಬಿದರೆ ಹಳೇ ಕೂಲ್‌ಡ್ರಿಂಕ್ ಬಾಟಲಿ ಬೇಡ, ನಮ್ಮಲ್ಲಿ ಇನ್ನೊಂದು ಕ್ಯಾನ್ ಕೇಳಿ. ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಐಸ್ ಹಾಕಿದ ಬಕೆಟ್‌ನಲ್ಲಿಡಿ, ಬಿಸಿಲಿಗೆ ಇಡಬೇಡಿ. ನೀರು ಎಂದಿನಷ್ಟೇ ಕುಡಿಯಿರಿ. ಮುಟ್ಟಾಗಿರುವ ಹೆಣ್ಣುಮಕ್ಕಳು ನಿಂತ ಮೇಲೆ ಮಾಡಿಸಿ.

ರಕ್ತ ಪರೀಕ್ಷೆ

ಭಾನುವಾರ ರಾತ್ರಿ 8ರೊಳಗೆ ಊಟ ಮುಗಿಸಿ. ಆಮೇಲೆ ಬರೀ ನೀರು. ಸಕ್ಕರೆ ಇಲ್ಲದ ಟೀ, ಕಾಫಿಯೂ ಬೇಡ, ಎಲೆ ಅಡಿಕೆ, ಬೀಡಿಯೂ ಬೇಡ. ಸೋಮವಾರ ಬೆಳಿಗ್ಗೆ 7.30ರ ಹೊತ್ತಿಗೆ ಬನ್ನಿ. ಇನ್ನೂ ತಡ ಮಾಡಿ ಸುಮ್ನೆ ಉಪವಾಸ ಎಳೆಯಬೇಡಿ, ಅದೂ ಫಲಿತಾಂಶ ಕೆಡಿಸುತ್ತದೆ.

ಬೆಳಗಿನ ಶುಗರ್ ಮಾತ್ರೆ, ಇನ್ಸುಲಿನ್ ಖಾಲಿ ಹೊಟ್ಟೆಗೆ ತಗೋಬೇಡಿ. ಜೊತೆಗೆ ತನ್ನಿ, ರಕ್ತ ಕೊಟ್ಟು ತಿಂಡಿಯ ಹೊತ್ತಿಗೆ ತಗೊಳ್ಳಿ. ರಾತ್ರಿಯ ಇನ್ಸುಲಿನ್, ಬಿ.ಪಿ. ಮಾತ್ರೆ ಬಗ್ಗೆ ನಿಮ್ಮ ಡಾಕ್ಟರನ್ನು ಮೊದಲೇ ಕೇಳಿ. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಸಕ್ಕರೆ ತಿನ್ನಿ. ಪರೀಕ್ಷೆ ಇನ್ನೊಂದು ದಿನ ಮಾಡಬಹುದು, ಅಲ್ವಾ?

ಊಟದ ನಂತರದ ಶುಗರ್ ಕೂಡ ಇದ್ದರೆ ದಿನಾ ತಿನ್ನುವಷ್ಟೇ ತಿಂಡಿ ತಿನ್ನಿ. ಬೆಣ್ಣೆ ದೋಸೆ ಆಸೆಗೆ ಅವತ್ತು ಜಾಸ್ತಿ ತಿನ್ನಬೇಡಿ. 2 ಗಂಟೆ ಆದ ಮೇಲೆ ಮತ್ತೆ ರಕ್ತ ಕೊಡಬೇಕು, ಆ ಲೆಕ್ಕ ಮೊದಲ ತುತ್ತಿನಿಂದ.

ಮೂತ್ರ ಚೆಲ್ಲಿದ್ದರೆ, ಒಂದು ಸಲ ಬಿಟ್ಟುಹೋಗಿದ್ದರೆ ಕ್ಯಾನ್ ಕೊಡುವಾಗಲೇ ಹೇಳಿ. ನಾವು ಬೈಯುವುದಿಲ್ಲ. ಹೊಸ ಕ್ಯಾನ್ ಕೊಡುತ್ತೇವೆ.